ಚೀಟಿಗೆ ಸಹಿ ಹಾಕುವ ಮುನ್ನ ಈ ಲೆಕ್ಕ ಹಾಕಿ

ನಮ್ಮ ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಹೊಸ ಮೆಷಿನ್ ಕೊಳ್ಳಲು ಒಂದು ಲಕ್ಷದ ಚೀಟಿಯನ್ನು ಮೂರನೇ ತಿಂಗಳಲ್ಲೇ ಎತ್ತಿದರು. ಕೈಗೆ ಬಂದದ್ದು 75,000. ಅದೇ ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರು ಇಪ್ಪತ್ತನೇ ತಿಂಗಳ ತನಕ ಕಾದು 95,000 ತೆಗೆದುಕೊಂಡರು. ಚೀಟಿ ಮುಗಿದ ಮೇಲೆ ಇಬ್ಬರೂ ‘ಒಳ್ಳೆಯ ಚೀಟಿ, ಇನ್ನೊಂದಕ್ಕೆ ಸೇರುತ್ತೇವೆ’ ಎಂದರು. ಅಕ್ಕನ ಪಾಸ್‌ಪುಸ್ತಕ ಇಸಕೊಂಡು ನೋಡಿದೆ. ಮೊದಲ ಐದು ಸಾಲುಗಳಲ್ಲಿ ನೀಲಿ ಶಾಯಿಯಲ್ಲಿ 4,000, ಆಮೇಲೆ 4,250, ಕೊನೆಯ ಸಾಲಿನಲ್ಲಿ 5,000. ಆ ಒಂದು ಪುಟ ಹೇಳುವಷ್ಟನ್ನು ಯಾವ ಏಜೆಂಟೂ ಹೇಳುವುದಿಲ್ಲ. ಚಿನ್ನ, ಚೀಟಿ, ಆರ್‌ಡಿ, ಎಸ್‌ಐಪಿಗಳಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ನಾನು ಆ ಪುಟದಿಂದಲೇ ಶುರುಮಾಡಿ ಹೇಳುತ್ತೇನೆ.

1. ನೀವು ಕಟ್ಟುತ್ತಿರುವುದು ಉಳಿತಾಯವೋ ಸಾಲವೋ, ಮೊದಲು ತಿಳಿದುಕೊಳ್ಳಿ

ಚೀಟಿ ಒಂದೇ ಆದರೂ ಅದರೊಳಗೆ ಎರಡು ವ್ಯವಹಾರ ನಡೆಯುತ್ತದೆ. ಬೇಗ ಎತ್ತಿದವರಿಗೆ ಅದು ಸಾಲ, ಕೊನೆಯ ತನಕ ಕಾದವರಿಗೆ ಉಳಿತಾಯ.

ಆ ಚೀಟಿಯ ವಿವರ ಹೀಗಿತ್ತು. 20 ಜನ, ತಿಂಗಳಿಗೆ ತಲಾ 5,000, ಒಟ್ಟು ಒಂದು ಲಕ್ಷ, 20 ತಿಂಗಳು. ನಡೆಸುವ ಫೋರ್‌ಮನ್‌ಗೆ ಪ್ರತಿ ತಿಂಗಳೂ ಶೇ 5, ಅಂದರೆ 5,000 ಕಮಿಷನ್. ಹರಾಜಿನಲ್ಲಿ ಹೆಚ್ಚು ಬಿಟ್ಟುಕೊಡಲು ಒಪ್ಪಿದವರಿಗೆ ಆ ತಿಂಗಳ ಚೀಟಿ. ಬಿಟ್ಟುಕೊಟ್ಟ ಹಣದಲ್ಲಿ ಕಮಿಷನ್ ಕಳೆದು ಉಳಿದದ್ದನ್ನು ಎಲ್ಲರಿಗೂ ಹಂಚಿ ಕಂತಿನಲ್ಲಿ ಇಳಿಸುತ್ತಾರೆ. ಇದೇ ಡಿವಿಡೆಂಡ್. ಮೊದಲ ಐದು ತಿಂಗಳು 25,000ಕ್ಕೆ ಕೂಗು ನಿಂತಿತು, ಮುಂದಿನ ಐದು ತಿಂಗಳು 20,000ಕ್ಕೆ, ಆಮೇಲಿನ ಐದು ತಿಂಗಳು 12,000ಕ್ಕೆ, ನಂತರದ ನಾಲ್ಕು ತಿಂಗಳು 8,000ಕ್ಕೆ. ಕೊನೆಯ ತಿಂಗಳಲ್ಲಿ ಕೂಗಲು ಯಾರೂ ಉಳಿದಿರಲಿಲ್ಲ, ಕಮಿಷನ್ ಮಾತ್ರ ಹೋಯಿತು.

ಡಿವಿಡೆಂಡ್ ಕಳೆದ ಮೇಲೆ ಪ್ರತಿಯೊಬ್ಬರೂ ಕೈಯಿಂದ ಕಟ್ಟಿದ್ದು ಒಟ್ಟು 88,900. ಮೇಷ್ಟ್ರಿಗೆ ಬಂದದ್ದು 95,000, ಲಾಭ 6,100. ಯಾವ ಕಂತು ಎಷ್ಟು ತಿಂಗಳು ಅಲ್ಲಿ ಕೂತಿತ್ತು ಎಂದು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 9 ಬಡ್ಡಿ ಬಂದ ಹಾಗಾಯಿತು.

ಅಕ್ಕನೂ ಅದೇ 88,900 ಕಟ್ಟಿದರು, ಆದರೆ ಬಂದದ್ದು 75,000. ಕೈಬಿಟ್ಟು ಹೋದದ್ದು 13,900. ಮೂರನೇ ತಿಂಗಳ ಹೊತ್ತಿಗೆ ಅವರೇ 12,000 ಕಟ್ಟಿದ್ದರಿಂದ ನಿಜವಾದ ಸಾಲ 63,000 ಮಾತ್ರ. ಆ ಸಾಲಕ್ಕೆ ಅವರು ತೆತ್ತ ಬಡ್ಡಿ ವರ್ಷಕ್ಕೆ ಸುಮಾರು ಶೇ 27. ಬೀರುವಿನಲ್ಲಿದ್ದ ಎರಡೆಳೆ ಸರವನ್ನು ಬ್ಯಾಂಕಿನಲ್ಲಿಟ್ಟು ಅದೇ 63,000ವನ್ನು ಶೇ 10ರ ಬಡ್ಡಿಗೆ ತಂದು, ಇದೇ ಥರ ತಿಂಗಳು ತಿಂಗಳು ತೀರಿಸಿದ್ದರೆ 5,000ದ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಹಾಗೆಂದು ಚೀಟಿಯನ್ನು ಬೈಯುವುದೂ ತಪ್ಪು. ಅಡವಿಡಲು ಚಿನ್ನವಿಲ್ಲದ, ಸಂಬಳದ ಚೀಟಿ ತೋರಿಸಲಾಗದ ಮನೆಗೆ ಉಳಿಯುವ ದಾರಿ ಕೈಸಾಲ. ನೂರಕ್ಕೆ ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಅದರ ಮುಂದೆ ಇಪ್ಪತ್ತೇಳು ಎಷ್ಟೋ ಮೇಲು.

2. ಕಮಿಷನ್ ಎಷ್ಟೆಂದು ಬಾಯಿಬಿಟ್ಟು ಕೇಳಿ

ಫೋರ್‌ಮನ್ ಕಮಿಷನ್ನಿನ ಮಿತಿ ಮೊದಲು ಶೇ 5 ಇತ್ತು. ಚೀಟಿ ನಿಧಿ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದು ಶೇ 7ಕ್ಕೆ ಏರಿತು. ಎರಡೇ ತಾನೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಈ ಎರಡನ್ನು ಪ್ರತಿ ತಿಂಗಳೂ ಇಡೀ ಚೀಟಿ ಮೊತ್ತದ ಮೇಲೆ ಹಿಡಿಯುತ್ತಾರೆ.

ಮೇಲಿನ ಚೀಟಿಯಲ್ಲೇ ಕಮಿಷನ್ ಶೇ 7 ಆಗಿದ್ದರೆ ಏನಾಗುತ್ತಿತ್ತು? ಹತ್ತೊಂಬತ್ತು ತಿಂಗಳು ಮೇಷ್ಟ್ರ ಡಿವಿಡೆಂಡ್ ತಲಾ 100 ರೂಪಾಯಿ ಇಳಿಯುತ್ತಿತ್ತು, ಕೊನೆಗೆ 95,000 ಬದಲು 93,000 ಬರುತ್ತಿತ್ತು. ಲಾಭ 6,100 ಇದ್ದದ್ದು 2,200ಕ್ಕೆ ಬೀಳುತ್ತಿತ್ತು. ಅವರು ಮೊದಲಿನಿಂದ ಕಟ್ಟಿದ ಅದೇ ಕಂತುಗಳನ್ನು ಶೇ 6.7 ಬಡ್ಡಿಯ ಆರ್‌ಡಿಗೆ ಹಾಕಿದ್ದರೆ ಸುಮಾರು 4,600 ಬರುತ್ತಿತ್ತು.

ಶೇ 5 ಕಮಿಷನ್ನಿನ ಚೀಟಿಯಲ್ಲಿ ಕೊನೆಯ ತನಕ ಕಾದರೂ ಆರ್‌ಡಿಗಿಂತ ಹೆಚ್ಚಿಗೆ ಸಿಕ್ಕಿದ್ದು 1,500 ರೂಪಾಯಿ. ಶೇ 7ರದ್ದರಲ್ಲಿ ಆರ್‌ಡಿಯೇ ಗೆದ್ದಿತು. ನನ್ನ ತೀರ್ಮಾನ ಇಷ್ಟೇ: ಹಣದ ಅಗತ್ಯ ಮಧ್ಯದಲ್ಲಿ ಬೀಳಬಹುದು ಎನ್ನುವವರು ಚೀಟಿ ಹಾಕಲಿ. ಬರೀ ಉಳಿಸಲೆಂದೇ ಹಾಕುವುದು ಬೇಡ.

3. ಮನೆ ಚೀಟಿಯಲ್ಲಿ ಲೆಕ್ಕಕ್ಕಿಂತ ಮೊದಲು ಕಾಗದ ನೋಡಿ

1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಪ್ರತಿ ಗುಂಪು ಶುರುವಾಗುವ ಮುನ್ನ ನಿಬಂಧಕರ ಅನುಮತಿ ಬೇಕು. ಕಂಪನಿಗೆ ನೋಂದಣಿ ಇದ್ದರೆ ಸಾಲದು, ನೀವು ಸೇರುವ ಆ ಗುಂಪಿಗೇ ಅನುಮತಿ ಇರಬೇಕು. ನಗದಾಗಿ ಇಡುವುದಾದರೆ ಫೋರ್‌ಮನ್ ಚೀಟಿ ಮೊತ್ತದಷ್ಟು ಹಣವನ್ನು ಭದ್ರತೆಯಾಗಿ ಬ್ಯಾಂಕಿನಲ್ಲಿ ಇಡಬೇಕು. ಒಪ್ಪಂದದ ಪ್ರತಿ ನಿಮಗೆ ಕೊಡಬೇಕು. ‘ಪ್ರತಿ ಆಮೇಲೆ ಕೊಡ್ತೀವಿ, ನಂಬಿಕೆ ಇಲ್ವಾ’ ಎಂದರೆ ಅಲ್ಲಿಗೇ ಎದ್ದು ಬನ್ನಿ. ಸರ್ಕಾರದ್ದೇ ಬೇಕೆನ್ನುವವರಿಗೆ ಎಂಎಸ್‌ಐಎಲ್ ಚೀಟಿ ಇದೆ.

ಇನ್ನೊಂದು ತೊಡಕನ್ನು ಸೇರುವಾಗ ಯಾರೂ ಹೇಳುವುದಿಲ್ಲ. ಹರಾಜಿನಲ್ಲಿ ಗೆದ್ದ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ, ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು. ಹೊಲಿಗೆ ಅಂಗಡಿಯ ಅಕ್ಕ ಸಂಬಳದಾರ ಜಾಮೀನುದಾರರನ್ನು ಹುಡುಕಿ ತರುವಷ್ಟರಲ್ಲಿ ಐದು ವಾರ ಕಳೆದಿತ್ತು. ಕೂಗುವ ಮೊದಲೇ ಜಾಮೀನುದಾರರ ಒಪ್ಪಿಗೆ ಪಡೆದಿರಿ.

4. ದಿನ ಗೊತ್ತಿರುವ ಖರ್ಚಿಗೆ ಆರ್‌ಡಿ

ಮಗಳ ಕಾಲೇಜು ಶುಲ್ಕ, ಮನೆಗೆ ಸುಣ್ಣಬಣ್ಣ, ಗಾಡಿಯ ವಿಮೆ. ಇಂಥವಕ್ಕೆ ಆರ್‌ಡಿಗಿಂತ ನೆಮ್ಮದಿಯದು ಇಲ್ಲ. ಬ್ಯಾಂಕಿನದಾದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಅಂಚೆ ಕಚೇರಿಯದು ಐದು ವರ್ಷದ್ದು, ಅದರ ಬಡ್ಡಿ 2023ರ ಅಕ್ಟೋಬರ್‌ನಲ್ಲಿ ಶೇ 6.7ಕ್ಕೆ ಏರಿತು. ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರಾದರೂ ಖಾತೆ ತೆರೆದ ದಿನದ ದರ ನಿಮಗೆ ಕೊನೆಯ ತನಕ. ಮೂರು ವರ್ಷದ ನಂತರ ನಡುವೆ ಮುರಿದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಗುತ್ತದೆ. ಹಾಗಾಗಿ ಎರಡು ವರ್ಷದ ಖರ್ಚಿಗೆ ಅಂಚೆ ಆರ್‌ಡಿ ಬೇಡ, ಬ್ಯಾಂಕಿನಲ್ಲಿ ಅಷ್ಟೇ ತಿಂಗಳಿನದನ್ನು ತೆರೆಯಿರಿ.

5. ತೊಡುವ ಚಿನ್ನ ಬೇರೆ, ಕೂಡಿಡುವ ಚಿನ್ನ ಬೇರೆ

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ಎಂದಿಟ್ಟುಕೊಳ್ಳಿ. ಹತ್ತು ಗ್ರಾಂ ಸರಕ್ಕೆ ಒಂದು ಲಕ್ಷ. ಮಜೂರಿ, ವೇಸ್ಟೇಜ್ ಸೇರಿ ಶೇ 12 ಎಂದರೆ 12,000. ಅದರ ಮೇಲೆ ಶೇ 3 ಜಿಎಸ್‌ಟಿ, 3,360. ಬಿಲ್ಲು 1,15,360. ಮರುದಿನವೇ ಮಾರಲು ಹೋದರೆ ಮಜೂರಿಯೂ ಇಲ್ಲ, ತೆರಿಗೆಯೂ ಇಲ್ಲ. ಅಂಗಡಿಯವರು ಶೇ 3 ಕಡಿತ ಮಾಡಿದರೆ ಕೈಗೆ 97,000. ಚಿನ್ನದ ದರ ಶೇ 19 ಏರಿದ ಮೇಲೆ ನಿಮ್ಮ ಅಸಲು ನಿಮಗೆ ಬರುತ್ತದೆ.

ಮದುವೆಗೆ, ಹಬ್ಬಕ್ಕೆ ತೊಡುವ ಸರದ ಬೆಲೆಯನ್ನು ಹೀಗೆ ಅಳೆಯಬೇಕಿಲ್ಲ. ಹೆಣ್ಣುಮಗಳ ಕೈಯಲ್ಲಿ ಅವಳದೇ ಎಂದು ಉಳಿಯುವ ಆಸ್ತಿ ಎಷ್ಟೋ ಮನೆಗಳಲ್ಲಿ ಅದೊಂದೇ, ಕಷ್ಟದ ದಿನ ಅರ್ಧ ಗಂಟೆಯಲ್ಲಿ ಸಾಲ ತಂದುಕೊಡುವುದೂ ಅದೇ. ಕೊಳ್ಳುವಾಗ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ HUID ಇದೆಯೇ ನೋಡಿ, BIS Care ಆ್ಯಪಿನಲ್ಲಿ ಹಾಕಿ ಪರೀಕ್ಷಿಸಿ. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಬೀರುವಿನಲ್ಲಿ ಇಡಲೆಂದೇ ಕೊಳ್ಳುವ ಚಿನ್ನಕ್ಕೆ ಮಜೂರಿ ಏಕೆ ತೆರಬೇಕು? ಅದಕ್ಕೆ ಗೋಲ್ಡ್ ಇಟಿಎಫ್ ಇದೆ. ಡಿಮ್ಯಾಟ್ ಖಾತೆ ಇಲ್ಲದವರಿಗೆ ಗೋಲ್ಡ್ ಫಂಡ್ ಇದೆ. ಎರಡೂ ಸೆಬಿಯ ಕಣ್ಗಾವಲಿನಲ್ಲಿವೆ. ಆ್ಯಪುಗಳಲ್ಲಿ ಹತ್ತು ರೂಪಾಯಿಗೂ ಸಿಗುವ ‘ಡಿಜಿಟಲ್ ಗೋಲ್ಡ್’ ಹಾಗಲ್ಲ. ಅದು ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಸರ್ಕಾರದ ಗೋಲ್ಡ್ ಬಾಂಡ್ ಇವೆಲ್ಲಕ್ಕಿಂತ ಚೆನ್ನಾಗಿತ್ತು, ಆದರೆ 2024ರ ಫೆಬ್ರುವರಿಯ ನಂತರ ಹೊಸ ಕಂತು ಬಂದಿಲ್ಲ.

ಒಡವೆ ಅಂಗಡಿಯ ಹನ್ನೊಂದು ತಿಂಗಳ ಸ್ಕೀಮಿಗೆ ಠೇವಣಿ ವಿಮೆ ಇಲ್ಲ. ಒಡವೆ ಬೇಕೇ ಬೇಕು ಎಂಬುದು ಖಚಿತವಿದ್ದರೆ ಮಾತ್ರ, ಸಣ್ಣ ಮೊತ್ತಕ್ಕೆ ಸೇರಿ.

6. ಏಳು ವರ್ಷ ಮುಟ್ಟದ ಹಣಕ್ಕೆ ಎಸ್‌ಐಪಿ

ಬೆಲೆಯೇರಿಕೆಯನ್ನು ದಾಟಿ ಬೆಳೆಯುವ ಅವಕಾಶ ಇರುವುದು ಷೇರು ಮಾರುಕಟ್ಟೆಯ ಫಂಡ್‌ಗಳಲ್ಲಿ. ಹೊಸಬರಿಗೆ ಖರ್ಚು ಕಡಿಮೆಯಿರುವ ಇಂಡೆಕ್ಸ್ ಫಂಡ್ ಸಾಕು. ಆದರೆ 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಇಳಿದಿತ್ತು. ಏಪ್ರಿಲ್‌ನಲ್ಲಿ ಶುಲ್ಕ ಕಟ್ಟಬೇಕಿದ್ದವರು ನಷ್ಟಕ್ಕೆ ಮಾರಿದರು, ಕಾಯಲು ಸಾಧ್ಯವಿದ್ದವರ ಹಣ ಆ ವರ್ಷದೊಳಗೇ ಮರಳಿತು. ಚೀಟಿ ದುಡ್ಡನ್ನೂ ಆರ್‌ಡಿ ದುಡ್ಡನ್ನೂ ಇದಕ್ಕೆ ಸುರಿಯಬೇಡಿ. ಇದು ನಿವೃತ್ತಿಗೆ, ಒಂದನೇ ತರಗತಿಯ ಮಗುವಿನ ಡಿಗ್ರಿಗೆ.

7. ಬಾಗಿಲಿಗೆ ಬರುವವರ ಜಾಗದಲ್ಲಿ ಬ್ಯಾಂಕಿನ ಆದೇಶ

1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. ದಿನಾ ಯಾರೋ ಬಂದು ಕೇಳುತ್ತಾರೆ ಎಂಬುದೇ ಅದರ ಬಲ, ಚೀಟಿಯ ಬಲವೂ ಅದೇ. ಹತ್ತನೇ ತಾರೀಕು ಕಟ್ಟದಿದ್ದರೆ ಹತ್ತೊಂಬತ್ತು ಜನರ ಮುಖ ನೋಡಬೇಕಾಗುತ್ತದೆ. ಆರ್‌ಡಿಗೂ ಎಸ್‌ಐಪಿಗೂ ಆ ಮುಲಾಜಿಲ್ಲ, ಅದಕ್ಕೇ ಅರ್ಧಕ್ಕೆ ನಿಲ್ಲುತ್ತವೆ. ಸಂಬಳ ಬಂದ ಮರುದಿನಕ್ಕೇ ಆಟೋ ಡೆಬಿಟ್ ಹಾಕಿಸಿ. ಇಪ್ಪತ್ತಕ್ಕೆ ಇಟ್ಟರೆ ಖಾತೆಯಲ್ಲಿ ಹಣವಿಲ್ಲದೆ ವಾಪಸಾಗಿ ದಂಡ ಬೀಳುತ್ತದೆ.

ಹೊಲಿಗೆ ಅಂಗಡಿಯ ಅಕ್ಕ ಈಗ ತಿಂಗಳ 5,000ವನ್ನು ಎರಡು ಪಾಲು ಮಾಡಿದ್ದಾರೆ. 3,000 ಬ್ಯಾಂಕಿನ ಆರ್‌ಡಿಗೆ, 2,000 ಎಸ್‌ಐಪಿಗೆ. ಮುಂದಿನ ಮೆಷಿನ್ ಆರ್‌ಡಿಯಿಂದ ಬರಬೇಕು ಎಂಬುದು ಅವರ ಲೆಕ್ಕ. ನಿಮ್ಮ ಮನೆಯಲ್ಲೂ ಹಳೆಯ ಚೀಟಿಯ ಪಾಸ್‌ಪುಸ್ತಕವೊಂದು ಇದ್ದೇ ಇರುತ್ತದೆ. ಹೊಸ ಚೀಟಿಗೆ ಸಹಿ ಹಾಕುವ ಮುನ್ನ ಅದನ್ನು ತೆಗೆಯಿರಿ. ಕಟ್ಟಿದ್ದೆಷ್ಟು, ಬಂದದ್ದೆಷ್ಟು, ಯಾವ ತಿಂಗಳಲ್ಲಿ ಬಂತು ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮನೆಯವರ ಜೊತೆ ಕೂತು ನೋಡಿ.