ಇಂಡಕ್ಷನ್ ಸೋವಿಯೋ, ಗ್ಯಾಸ್ ಸೋವಿಯೋ? ಮೀಟರ್ ಯಾರದು ನೋಡಿ

‘ಅಕ್ಕ, ಇಂಡಕ್ಷನ್ ತಗೊಂಡ್ರೆ ಗ್ಯಾಸ್ ದುಡ್ಡು ಉಳಿಯುತ್ತಲ್ವಾ?’ ಎಂದು ಪಟ್ಟಂದೂರು ಅಗ್ರಹಾರದಲ್ಲಿ ನಮ್ಮ ಕಟ್ಟಡಕ್ಕೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಕೇಳಿದಳು. ಐಟಿಪಿಎಲ್‌ನಲ್ಲಿ ಕೆಲಸ. ‘ನಿನ್ನ ಕರೆಂಟ್ ಬಿಲ್ ಬೆಸ್ಕಾಂನಿಂದ ಬರುತ್ತೋ, ಓನರ್ ಚೀಟಿಯಲ್ಲಿ ಬರೆದುಕೊಡ್ತಾರೋ?’ ಎಂದು ಕೇಳಿದೆ. ಅದು ತಿಳಿಯದೆ ಲೆಕ್ಕ ಹಾಕಲು ಬರುವುದಿಲ್ಲ.

ನಮ್ಮ ಮನೆಯ ರಾತ್ರಿ ಊಟವನ್ನೇ ತೆಗೆದುಕೊಳ್ಳಿ. ಮೂರು ಜನಕ್ಕೆ ಅನ್ನ, ಹುಳಿ, ಒಂದು ಪಲ್ಯ. ಅಕ್ಕಿ, ಬೇಳೆ ಒಂದೇ ಕುಕ್ಕರಿನಲ್ಲಿ ಬೇಯುತ್ತವೆ. ಫ್ರಿಜ್, ಗೀಸರ್, ಫ್ಯಾನ್ ಎಲ್ಲ ಆರಿಸಿ, ಅಡುಗೆಗೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಮೀಟರ್ ನೋಡಿದರೆ ಇಂಡಕ್ಷನ್ ತಿಂದದ್ದು ಸುಮಾರು 0.8 ಯೂನಿಟ್. ಗ್ಯಾಸ್ ಲೆಕ್ಕಕ್ಕೆ ಸಿಲಿಂಡರನ್ನೇ ತೂಗಬೇಕು. ಆದರೆ ಒಂದು ಊಟಕ್ಕೆ ಕರಗುವ ಗ್ಯಾಸ್ ಅಷ್ಟು ಭಾರದಲ್ಲಿ ಗೊತ್ತೇ ಆಗುವುದಿಲ್ಲ. ವಾರಕ್ಕೊಮ್ಮೆ ತೂಗಿ, ಬೇಯಿಸಿದ ಊಟಗಳಿಗೆ ಹಂಚಬೇಕು. ಹಾಗೆ ಹಂಚಿದಾಗ ಊಟಕ್ಕೆ 90 ಗ್ರಾಂ ಆಸುಪಾಸು ಬಂತು.

ಈಗ ದುಡ್ಡಿನ ಮಾತು. ನಾನು ಹಿಡಿದಿರುವುದು 2025ರ ಏಪ್ರಿಲ್‌ನಲ್ಲಿ ಜಾರಿಯಾದ ದರಗಳನ್ನು. ಆಗ 14.2 ಕೆಜಿ ಸಿಲಿಂಡರಿಗೆ ಬೆಂಗಳೂರಿನಲ್ಲಿ 855.50 ರೂಪಾಯಿ, ಅಂದರೆ ಕೆಜಿಗೆ 60 ರೂಪಾಯಿ. ಕರೆಂಟು ಯೂನಿಟ್‌ಗೆ 5.80. ಅದರ ಮೇಲೆ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9ರ ತೆರಿಗೆ ಸೇರಿಸಿದರೆ 6.68. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಬಿಟ್ಟಿದ್ದೇನೆ. ಹೀಗೆ ಗ್ಯಾಸಿನ ಊಟಕ್ಕೆ 5.40, ಇಂಡಕ್ಷನ್ ಊಟಕ್ಕೆ 5.35. ಐದು ಪೈಸೆ ವ್ಯತ್ಯಾಸಕ್ಕೆ ಯಾರೂ ಹೊಸ ಒಲೆ ಕೊಳ್ಳಬೇಕಾಗಿಲ್ಲ!

ಗ್ಯಾಸಿನ ಶಾಖದಲ್ಲಿ ಶೇ 40ರಷ್ಟು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಸಣ್ಣ ಪಾತ್ರೆ ಇಟ್ಟು ಉರಿ ಜೋರು ಮಾಡಿದರೆ ಇನ್ನೂ ಹೆಚ್ಚು. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ಅಷ್ಟು ಪೋಲಾಗದು. ಆದರೆ ಅದೇ ಶಾಖವನ್ನು ಕರೆಂಟಿನಲ್ಲಿ ಕೊಳ್ಳುವುದು ದುಬಾರಿ. ಒಂದರ ಲಾಭ ಇನ್ನೊಂದರಲ್ಲಿ ಕಳೆದು ಲೆಕ್ಕ ಸಮವಾಗುತ್ತದೆ. ಯೂನಿಟ್‌ಗೆ ಆರೂವರೆ–ಏಳು ರೂಪಾಯಿಯೇ ಗಡಿ.

ನಮ್ಮ ಕಡೆಯ ಎಷ್ಟೋ ಬಾಡಿಗೆ ಮನೆಗಳಲ್ಲಿ ಓನರ್ ಹಾಕಿಸಿದ ಸಬ್ ಮೀಟರ್. ಯೂನಿಟ್‌ಗೆ 10 ರೂಪಾಯಿ ಅಂದರೆ ಅದೇ ಊಟ 8 ರೂಪಾಯಿ. ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಅದಕ್ಕೆ ಬೇರೆಯೇ ದರ. ಆಗ ಗ್ಯಾಸ್ ಹಚ್ಚುವುದೇ ಜಾಣತನ. ಸಿಲಿಂಡರ್ ಕನೆಕ್ಷನ್ ಇಲ್ಲದೆ ಸಣ್ಣ ಸಿಲಿಂಡರಿಗೆ ಕೆಜಿಗೆ 100 ರೂಪಾಯಿ ಕೊಡುವವರಿಗೆ ಊಟಕ್ಕೆ 9 ರೂಪಾಯಿ ಬೀಳುತ್ತದೆ. ಅವರಿಗೆ ಸಬ್ ಮೀಟರ್ ಕರೆಂಟೂ ಸೋವಿಯೇ.

ಎಲ್ಲರಿಗಿಂತ ಹುಷಾರಾಗಿರಬೇಕಾದವರು ಗೃಹಜ್ಯೋತಿ ಪಡೆಯುವವರು. ನಿಮ್ಮ ಅರ್ಹ ಯೂನಿಟ್‌ನೊಳಗೆ ಇರುವಷ್ಟು ದಿನ ಇಂಡಕ್ಷನ್ ಊಟಕ್ಕೆ ಕಾಸೂ ಇಲ್ಲ. ಅರ್ಹತೆ ಮೀರಿದರೂ 200 ದಾಟದಿದ್ದರೆ ಹೆಚ್ಚುವರಿಗಷ್ಟೇ ಬಿಲ್. 200 ದಾಟಿತೋ, ಇಡೀ ಬಿಲ್ ತಲೆಯ ಮೇಲೆ. ಅರ್ಹತೆ 170, ಬಳಕೆ 165 ಇರುವ ಮನೆಯೊಂದು ದಿನಕ್ಕೆ ಎರಡು ಊಟವನ್ನು ಇಂಡಕ್ಷನ್‌ಗೆ ವರ್ಗಾಯಿಸಿತು ಎನ್ನಿ. ತಿಂಗಳಿಗೆ 48 ಯೂನಿಟ್ ಸೇರಿ 213. ಸೊನ್ನೆ ಬರುತ್ತಿದ್ದ ಬಿಲ್, 2 ಕಿಲೋವಾಟ್‌ನ ನಿಗದಿತ ಶುಲ್ಕ 290 ಸೇರಿ, 1,700 ದಾಟುತ್ತದೆ. 60 ಊಟಕ್ಕೆ ಹಂಚಿದರೆ ಊಟಕ್ಕೆ 28 ರೂಪಾಯಿಗೂ ಮೇಲೆ. ಗ್ಯಾಸಿನಲ್ಲಾಗಿದ್ದರೆ 5.40ಕ್ಕೆ ಮುಗಿಯುತ್ತಿತ್ತು.

ಇನ್ನೊಂದು ವಿಷಯ ಪ್ಲಗ್ಗಿನದು. 2,000 ವಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆ ಮನೆಯ ಅಡುಗೆಕೋಣೆಯ 6 ಆಂಪಿಯರ್ ಸಾಕೆಟ್ಟಿಗೆ ಅದು ಹೊರೆ. ಪ್ಲಗ್ ಮುಟ್ಟಿದರೆ ಬಿಸಿ, ಸುತ್ತ ಕಂದು ಕಲೆ ಕಂಡರೆ ತಕ್ಷಣ ನಿಲ್ಲಿಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ. ಬಿಸಿಯಾಗದ 6 ಆಂಪಿಯರ್ ಸಾಕೆಟ್ಟಿನಲ್ಲೂ 1,200 ವಾಟ್ ದಾಟಿಸಬೇಡಿ. ಅಲ್ಯೂಮಿನಿಯಂ ಮುದ್ದೆ ಪಾತ್ರೆ ಈ ಒಲೆಯ ಮೇಲೆ ಕಾಯುವುದೇ ಇಲ್ಲ. ಪುಟ್ಟ ಒಗ್ಗರಣೆ ಸೌಟನ್ನೂ ಅದು ಗುರುತಿಸುವುದಿಲ್ಲ. ಹಾಗಾಗಿ ಸಿಲಿಂಡರನ್ನು ಪೂರ್ತಿ ವಾಪಸ್ ಕೊಡುವ ಯೋಚನೆ ಬೇಡ.

ಆ ಹುಡುಗಿಯದು ಸಬ್ ಮೀಟರ್, ಯೂನಿಟ್‌ಗೆ 10 ರೂಪಾಯಿ. ಗ್ಯಾಸ್ ಕನೆಕ್ಷನ್ನಿಗೇ ಅರ್ಜಿ ಹಾಕು ಎಂದೆ. ನಿಮ್ಮದು ಗೃಹಜ್ಯೋತಿ ಇರುವ ಬೆಸ್ಕಾಂ ಮೀಟರ್ ಆಗಿದ್ದರೆ ಹಿಂದಿನ ಬಿಲ್ ತೆಗೆದು ನೋಡಿ: ಬಳಕೆ 150 ಯೂನಿಟ್‌ಗಿಂತ ಹೆಚ್ಚಿದ್ದರೆ ದಿನದ ಎರಡೂ ಊಟವನ್ನು ಇಂಡಕ್ಷನ್ ಮೇಲೆ ಇಡಬೇಡಿ.