ಕೀವು ಹೊರಬರುವ ತನಕದ ಮಾತ್ರೆ

ಕಿರಣ, ಎಡದವಡೆ ಊದಿದೆ, 101 ಡಿಗ್ರಿ ಜ್ವರ ಇದೆ, ಹಲ್ಲಿನ ಡಾಕ್ಟರು ಸಿಗುವುದು ಸೋಮವಾರವೇ ಅಂದೆಯಲ್ಲ, ಆಗಿನಿಂದ ಮನಸ್ಸು ನಿನ್ನ ಕಡೆಗೇ ಇದೆ. ಇಷ್ಟು ವರ್ಷ ಹಲ್ಲಿನ ಡಾಕ್ಟರಾಗಿದ್ದ ದೊಡ್ಡಪ್ಪನ ಮಾತನ್ನು ಸ್ವಲ್ಪ ಕೇಳು.

ಬೇರಿನ ತುದಿಯಲ್ಲಿ ಕೀವು ಕಟ್ಟಿದೆ. ಹಲ್ಲಿನೊಳಗಿನ ನರ ಸತ್ತು ಅಲ್ಲಿ ರಕ್ತ ಓಡುತ್ತಿಲ್ಲ. ಮಾತ್ರೆಯ ಔಷಧ ರಕ್ತದ ಜೊತೆ ಹೋಗುವುದು ತಾನೆ? ಹಾಗಾಗಿ ಕೀವಿನ ಗೂಡಿನೊಳಕ್ಕೆ ಅದು ಸರಿಯಾಗಿ ತಲುಪುವುದಿಲ್ಲ. ಸುತ್ತಲಿನ ಮಾಂಸಕ್ಕೆ ಸೋಂಕು ಹರಡದಂತೆ ಸೋಮವಾರದವರೆಗೆ ತಡೆಯುವುದಷ್ಟೇ ಅದರ ಕೆಲಸ. ಜ್ವರವಿಲ್ಲದೆ ಒಸಡಿನಲ್ಲಿ ಮಾತ್ರ ಬಾವು ಇದ್ದು, ಇವತ್ತೇ ಕೀವು ತೆಗೆಯುವಂತಿದ್ದರೆ ಆಂಟಿಬಯೋಟಿಕ್ಕೇ ಬೇಡ ಅನ್ನುತ್ತಿದ್ದೆ.

ಇವತ್ತು ಸಂಜೆಯೇ ಹತ್ತಿರದ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊ. ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವುದು ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಎಂಟು ಗಂಟೆಗೊಂದರಂತೆ ದಿನಕ್ಕೆ ಮೂರು. ಪೆನಿಸಿಲಿನ್ ತೆಗೆದುಕೊಂಡಾಗ ನಿನಗೆ ಯಾವತ್ತಾದರೂ ಮೈಮೇಲೆ ದದ್ದು ಎದ್ದಿದ್ದರೆ, ಮುಖ ಊದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳು, ಬೇರೆ ಔಷಧ ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಹಲ್ಲುನೋವು ಅಂದರೆ ಸಾಕು, ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿಮಾತ್ರೆ ಕೊಟ್ಟುಬಿಡುತ್ತಾರೆ. ಅದು ಬೇಡ. ಹಲ್ಲಿನ ಕೀವಿನಲ್ಲಿ ಹೆಚ್ಚಾಗಿರುವ ಸ್ಟ್ರೆಪ್ಟೊಕಾಕಸ್ ಮೇಲೆ ಆಫ್ಲಾಕ್ಸಾಸಿನ್ ಅಷ್ಟಾಗಿ ನಾಟುವುದಿಲ್ಲ. ಮೆಟ್ರೊನಿಡಜೋಲ್ ಕೂಡ ಒಂಟಿಯಾಗಿ ಸಾಲದು. ಎರಡು ಮೂರು ದಿನವಾದರೂ ಬಾವು ಇಳಿಯದಿದ್ದರೆ ಅಮಾಕ್ಸಿಸಿಲಿನ್ ಜೊತೆಗೆ ಅದನ್ನು ಸೇರಿಸುವುದುಂಟು.

ಎಷ್ಟು ದಿನ ಅಂತ ಕೇಳಿದೆ. ನಾವು ಓದುವಾಗ ಏಳು ದಿನ, ಹತ್ತು ದಿನ ಎಂದು ಕಣ್ಣುಮುಚ್ಚಿ ಬರೆಯುತ್ತಿದ್ದೆವು. ಈಗ ಮೂರನೇ ದಿನ ನೋಡಿ ತೀರ್ಮಾನಿಸುತ್ತಾರೆ. ಕೀವು ಹೊರಬಂದು, ಜ್ವರ ಬಾವು ಪೂರ್ತಿ ಇಳಿದ ಮೇಲೆ ಇನ್ನೊಂದು ದಿನ ನುಂಗಿ ನಿಲ್ಲಿಸಬಹುದು. ಮೂರರಿಂದ ಏಳು ದಿನದೊಳಗೆ ಮುಗಿಯುತ್ತದೆ. ಆದರೆ ನಿಲ್ಲಿಸುವುದನ್ನು ನೋಡಿದ ಡಾಕ್ಟರೇ ಹೇಳಲಿ.

ನಾನು ಹೆದರುವುದು ಇನ್ನೊಂದಕ್ಕೆ. ಭಾನುವಾರ ನೋವು ಮಾಯವಾದರೆ ನೀನು ಸೋಮವಾರದ ಅಪಾಯಿಂಟ್‌ಮೆಂಟ್ ಬಿಡುತ್ತೀಯ. ಅಡಿಕೆ ವ್ಯಾಪಾರಿಯೊಬ್ಬರು ಹಾಗೆಯೇ ಒಂದೇ ವರ್ಷದಲ್ಲಿ ಮೂರು ಸಲ ಬರೀ ಮಾತ್ರೆಯಲ್ಲಿ ತಳ್ಳಿದರು. ನಾಲ್ಕನೇ ಸಲ ಗದ್ದದ ಕೆಳಗೆ ಎರಡೂ ಕಡೆ ಕಲ್ಲಿನಂತೆ ಊದಿ, ನಾಲಿಗೆ ಮೇಲೆದ್ದು, ಐಸಿಯು ಸೇರಬೇಕಾಯಿತು. ಹಲ್ಲನ್ನು ಕೊರೆದೋ, ಒಸಡು ಸೀಳಿಯೋ, ಹಲ್ಲು ಕಿತ್ತೋ ಕೀವಿಗೆ ದಾರಿ ಮಾಡಲೇಬೇಕು.

ಎಂಜಲು ನುಂಗಲು ಕಷ್ಟವಾದರೆ, ದನಿ ಬದಲಾದರೆ, ಉಸಿರಾಟ ಬಿಗಿಯಾದರೆ, ಬಾವು ಕಣ್ಣಿನತ್ತ ಅಥವಾ ಕತ್ತಿನತ್ತ ಹರಡಿದರೆ ಸೋಮವಾರಕ್ಕೆ ಕಾಯಬೇಡ, ಮಧ್ಯರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೋಗು. ಬೆಳಿಗ್ಗೆ ಸಂಜೆ ಕನ್ನಡಿ ಮುಂದೆ ನಿಂತು ಬಾಯಿ ತೆರೆದು, ಮೂರು ಬೆರಳು ಒಂದರ ಮೇಲೊಂದು ಹಿಡಿಸುತ್ತವೆಯೇ ನೋಡಿಕೊ. ಎರಡಕ್ಕಿಳಿದರೆ ನನಗೆ ತಕ್ಷಣ ಫೋನ್ ಮಾಡು.