ಕಾಫಿ ಪುಡಿಯ ದರ: ಜಗ್ಗಾಡುವ ಮುನ್ನ ಲೆಕ್ಕ ಕೇಳಿ

ಬಿಕ್ಕೋಡಿನ ಹೋಟೆಲ್ ಮಾಲೀಕರೇ,

ಪುಡಿ ಕೊಡುವವರು ಕಿಲೋಗೆ 520 ರೂಪಾಯಿ ಇದ್ದದ್ದನ್ನು 600 ಮಾಡಿದ್ದಾರೆ, ಏರಿಕೆಯ ಅರ್ಧಕ್ಕೆ ಒಪ್ಪಿಸಲೇ ಎಂದು ಕೇಳಿದ್ದೀರಿ. ಬೇಡ. ನಡುವೆ ಕಡಿದು ಹಂಚುವುದು ರಾಜಿ, ಇಬ್ಬರಿಗೂ ಗೆಲುವಲ್ಲ. ಅವರಿಗೆ ನಷ್ಟವಾದರೆ ಅದು ಚಿಕೋರಿಯಾಗಿ ನಿಮ್ಮ ಲೋಟಕ್ಕೇ ಬರುತ್ತದೆ.

ಮೊದಲು ಏರಿಕೆಯ ಕಾರಣ ಕೇಳಿ. ಹಸಿ ಬೀಜಕ್ಕೆ ಕಿಲೋಗೆ 50 ರೂಪಾಯಿ ಏರಿದೆ ಎಂದರೆ, ಕಾಫಿ ಮಂಡಳಿ ಪ್ರಕಟಿಸುವ ದಿನದ ದರದೊಡನೆ ಹೋಲಿಸಿ. ಹುರಿದಾಗ ತೂಕ ಸುಮಾರು ಆರನೇ ಒಂದು ಪಾಲು ಇಳಿಯುವುದರಿಂದ, ಪುಡಿಗೆ 60 ರೂಪಾಯಿ ಏರುವುದು ನ್ಯಾಯ. ಇನ್ನುಳಿದ 20ರ ಬಗ್ಗೆ ಮಾತ್ರ ಮಾತು.

ಇಲ್ಲಿ ನಿಮ್ಮ ಕೈಯಲ್ಲೊಂದು ಅಸ್ತ್ರವಿದೆ, ನೀವದನ್ನು ಗಮನಿಸಿಲ್ಲ. ತಿಂಗಳಿಗೆ 30 ಕಿಲೋ ಕೊಂಡು 45 ದಿನಕ್ಕೆ ಹಣ ಕೊಡುತ್ತೀರಿ; ಅಂದರೆ ಅವರ ಸುಮಾರು 23 ಸಾವಿರ ರೂಪಾಯಿ ಸದಾ ನಿಮ್ಮಲ್ಲಿ ನಿಂತಿದೆ. ಬೆಳೆಗಾರರಿಗೆ ನಗದು ಕೊಡಬೇಕಾದ ಅವರು ಅದಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟುತ್ತಿದ್ದರೆ, ಕಿಲೋಗೆ ಸುಮಾರು 15 ರೂಪಾಯಿ ಬೀಳುತ್ತದೆ. ಮಾಲು ಇಳಿಸಿದ ದಿನವೇ ಹಣ ಕೊಡುತ್ತೇನೆ, 580ರಲ್ಲಿ ಆ 15 ಕಳೆದು 565ಕ್ಕೆ ಕೊಡಿ ಎನ್ನಿ. ಬೀಜದ ದರ ಇಳಿದರೆ ಪುಡಿಯದೂ ಇಳಿಯಬೇಕೆಂದು ಬರೆದಿಟ್ಟುಕೊಳ್ಳಿ.

ಮಾತಿಗೆ ಮುನ್ನ ಬೇಲೂರಿನ ಇನ್ನೊಬ್ಬರ ದರ ನಿಜವಾಗಿ ವಿಚಾರಿಸಿರಿ. ಸುಳ್ಳು ಬೆದರಿಕೆ ಬೇಡ, ಸಣ್ಣ ಊರಲ್ಲಿ ಬಯಲಾಗುತ್ತದೆ. ಈಗ ಪುಡಿ ಕೊಡುವವರು ಲೆಕ್ಕ ತೋರಿಸಲೇ ಒಪ್ಪದಿದ್ದರೆ ಬೇಲೂರಿನವರ ಬಳಿಗೇ ಹೋಗಿ. ಯಾರ ಬಳಿ ಕೊಂಡರೂ ಪೊಟ್ಟಣದ ಮೇಲಿನ ಚಿಕೋರಿ ಪ್ರಮಾಣ ಓದಿ.